ಜಾಹೀರಾತು ಪಕ್ಕದಲ್ಲಿಟ್ಟು ಪತ್ರ ಓದಿ

ಕುಣಿಗಲ್ ಕಡೆಯ ಮೆಕ್ಯಾನಿಕಲ್ ಹುಡುಗನೊಬ್ಬ ಈಚೆಗೆ ತನ್ನ ಕವರ್ ಲೆಟರ್ ಕಳಿಸಿ, ‘ಸಾರ್, ಹೇಗಿದೆ ಒಂಚೂರು ನೋಡಿ’ ಎಂದ. ‘ಜಾಹೀರಾತು ಎಲ್ಲಿ?’ ಎಂದು ಕೇಳಿದೆ. ಅದಿಲ್ಲದೆ ಪತ್ರ ಚೆನ್ನಾಗಿದೆ ಅನ್ನುವುದು, ಅಳತೆ ತೆಗೆಯದೆ ಅಂಗಿ ಸರಿಹೋಗುತ್ತದೆ ಅಂದಹಾಗೆ.

ಜಾಹೀರಾತು ತುಮಕೂರಿನ ವಸಂತನರಸಾಪುರದ ಸಣ್ಣ ಸಿಎನ್‌ಸಿ ಘಟಕವೊಂದರದು. ಕ್ವಾಲಿಟಿ ಇಂಜಿನಿಯರ್ ಬೇಕು, ಫ್ರೆಶರ್ ಆದರೂ ಸರಿ. ಡ್ರಾಯಿಂಗ್ ಓದಲು ಬರಬೇಕು, ಮೈಕ್ರೋಮೀಟರ್ ಮತ್ತು ಬೋರ್ ಗೇಜ್ ಹಿಡಿದು ಗೊತ್ತಿರಬೇಕು, ಶಿಫ್ಟ್‌ಗೆ ಬರಬೇಕು. ಕೇಳಿದ್ದು ಇಷ್ಟೇ.

ಹುಡುಗನ ಪತ್ರ ಇಂಗ್ಲಿಷಿನಲ್ಲಿತ್ತು, ಒಂದು ಪುಟ ತುಂಬಿ ಎರಡನೆಯದಕ್ಕೂ ಇಳಿದಿತ್ತು. ಪೆನ್ಸಿಲ್ ಹಿಡಿದು, ಜಾಹೀರಾತಿನ ಯಾವುದಾದರೂ ಬೇಡಿಕೆಗೆ ಉತ್ತರವಾಗುವ ಸಾಲಿಗೆಲ್ಲ ಗೆರೆ ಎಳೆಯುತ್ತ ಹೋದೆ. ಗೆರೆ ಬಿದ್ದದ್ದು ಎರಡೇ ಸಾಲಿಗೆ. ಉಳಿದದ್ದರಲ್ಲಿ ಎಸ್ಸೆಸ್ಸೆಲ್ಸಿ ಅಂಕ, ಕಾಲೇಜು ಹಬ್ಬದ ಸಂಚಾಲಕತ್ವ, ಕಂಪನಿಯ ‘ಉಜ್ವಲ ಹೆಸರಿನ’ ಹೊಗಳಿಕೆ. ಅಂಕ ರೆಸ್ಯೂಮೆಯಲ್ಲಿದೆ. ತನ್ನ ಹೆಸರು ಎಂಥದ್ದೆಂದು ಆ ಘಟಕಕ್ಕೆ ಗೊತ್ತಿದೆ.

ಧಾಟಿಯದು ಇನ್ನೊಂದು ಕಥೆ. ಪತ್ರ ಶುರುವಾಗಿದ್ದು ಶಾಲೆಯ ರಜಾ ಅರ್ಜಿಯ ಹಾಗೆ: ‘ತಮ್ಮಲ್ಲಿ ವಿನಮ್ರವಾಗಿ ಬೇಡಿಕೊಳ್ಳುವುದೇನೆಂದರೆ’. ಎರಡನೆಯ ಪ್ಯಾರಾಕ್ಕೆ ಬರುವಷ್ಟರಲ್ಲಿ ಅದೇ ಹುಡುಗ ‘ಡೈನಮಿಕ್, ಜನ್ಮತಃ ನಾಯಕ’ ಆಗಿಬಿಟ್ಟಿದ್ದ. ಒಬ್ಬನೇ ಎರಡು ದನಿಯಲ್ಲಿ ಮಾತಾಡಿದರೆ, ಒಂದಾದರೂ ನಕಲು ಎಂದು ಓದುವವನಿಗೆ ಹೊಳೆಯುತ್ತದೆ. ಪ್ಲಾಂಟ್ ಮ್ಯಾನೇಜರ್ ಎದುರು ಕೂತು ಹೇಳಲು ನಾಚಿಕೆಯಾಗುವ ಮಾತನ್ನು ಪತ್ರದಲ್ಲೂ ಬರೆಯಬಾರದು. ಬೇಡುವುದೂ ಬೇಡ, ಜಂಬವೂ ಬೇಡ.

ಗೆರೆ ಬಿದ್ದ ಎರಡರಲ್ಲಿ ಒಂದು ಸಾಲು ನನ್ನನ್ನು ನಿಲ್ಲಿಸಿತು. ಫೈನಲ್ ಇಯರ್ ಪ್ರಾಜೆಕ್ಟಿನಲ್ಲಿ ಬುಷ್‌ಗಳ ರಂಧ್ರ ಅಳೆದೆವು, ಬೋರಿಂಗ್ ಟೂಲ್ ಸವೆದದ್ದರಿಂದ ರಂಧ್ರ ದೊಡ್ಡದಾಗುತ್ತಿತ್ತು, ಅದನ್ನು ಕಂಡುಹಿಡಿದೆವು ಎಂದು ಬರೆದಿದ್ದ. ಅನುಭವಿ ಮೆಷಿನಿಸ್ಟ್ ಇದನ್ನು ಓದಿದರೆ ಮುಗುಳ್ನಗುತ್ತಾನೆ. ಬೋರಿಂಗ್‌ನಲ್ಲಿ ಇನ್ಸರ್ಟ್‌ನ ಮೊನೆ ಸವೆದಂತೆ ಅದು ಲೋಹದಿಂದ ಹಿಂದೆ ಸರಿಯುತ್ತದೆ, ಕಡಿತ ಕಡಿಮೆಯಾಗುತ್ತದೆ, ರಂಧ್ರ ಸಾಮಾನ್ಯವಾಗಿ ಕಿರಿದಾಗುತ್ತದೆ. ಸವೆತದಿಂದ ದೊಡ್ಡದಾಗುವುದು ಹೊರಮೈ ಟರ್ನಿಂಗ್‌ನಲ್ಲಿ ಬರುವ ವ್ಯಾಸ. ಹುಡುಗನನ್ನು ಕೇಳಿದೆ. ಗೇಜ್ ಹಿಡಿದದ್ದು ನಿಜ, ಆದರೆ ಆ ವಾಕ್ಯ ರಿಪೋರ್ಟ್ ಬರೆದ ಗೆಳೆಯನದು ಎಂದ. ಅವನದೇ ನೋಟ್‌ಬುಕ್ ತೆಗೆಸಿದೆ. ರಂಧ್ರದ ಅಳತೆ 25 ಮಿ.ಮೀ., ಡ್ರಾಯಿಂಗ್‌ನಲ್ಲಿದ್ದ ಟಾಲರೆನ್ಸ್ ಎಚ್7. ಅಂದರೆ 25.000ಕ್ಕಿಂತ ಕಡಿಮೆಯಾಗಬಾರದು, 25.021 ದಾಟಬಾರದು. ಅವನ ರೀಡಿಂಗ್‌ಗಳು ಬ್ಯಾಚಿನ ಕೊನೆಗೆ ಹೋದಂತೆ ಇಳಿಯುತ್ತ, ಕಡೆಯ ಕೆಲವು 25.000ಕ್ಕಿಂತ ಕೆಳಗೆ ಬಿದ್ದಿದ್ದವು. ಸರಿಯಾದ ಕಥೆ ಅವನ ಕೈಬರಹದಲ್ಲೇ ಇತ್ತು!

ಹೊಸ ಪತ್ರದ ನಡುವಣ ಭಾಗವೇ ಅದಾಯಿತು: ‘25 ಎಚ್7 ರಂಧ್ರವನ್ನು ಬೋರ್ ಗೇಜ್‌ನಲ್ಲಿ ಅಳೆದೆ. ಕೊನೆಯ ಬುಷ್‌ಗಳು ಕೆಳಮಿತಿಗಿಂತ ಕಿರಿದಾಗಿದ್ದವು. ಇನ್ಸರ್ಟ್ ಬದಲಿಸಿದ ಮೇಲೆ ಅಳತೆ ಮಿತಿಯೊಳಗೆ ಬಂತು.’ ಡ್ರಾಯಿಂಗ್ ಓದುವುದು, ಗೇಜ್ ಬಳಸುವುದು, ಕಾರಣ ಹುಡುಕುವುದು ಮೂರೂ ಇಲ್ಲಿ ಬಂದವು. ‘ಗುಣಮಟ್ಟದ ಬಗ್ಗೆ ಅಪಾರ ಆಸಕ್ತಿ’ ಎಂದು ಬೇರೆ ಹೇಳುವ ಅಗತ್ಯ ಬೀಳಲಿಲ್ಲ.

ಉಳಿದದ್ದು ಶಿಫ್ಟ್. ವಸಂತನರಸಾಪುರ ಇರುವುದು ತುಮಕೂರು ದಾಟಿ ಶಿರಾ ರಸ್ತೆಯಲ್ಲಿ, ಕುಣಿಗಲ್ ಇರುವುದು ಆ ಊರಿನ ಇನ್ನೊಂದು ಕಡೆ. ವಿಳಾಸ ನೋಡಿದ ಕೂಡಲೇ ‘ಈ ಹುಡುಗ ರಾತ್ರಿ ಪಾಳಿಗೆ ಹೇಗೆ ಬರುತ್ತಾನೆ?’ ಎಂದು ಮ್ಯಾನೇಜರ್ ಯೋಚಿಸುವುದು ಸಹಜ. ‘ತುಮಕೂರಿನಲ್ಲೇ ರೂಮ್ ಮಾಡಿಕೊಂಡು ಶಿಫ್ಟ್‌ಗೆ ಬರುತ್ತೇನೆ’ ಎಂಬ ಒಂದು ಸಾಲು ಆ ಸಂಶಯ ಕಳೆಯುತ್ತದೆ. ಇದೇ ಪತ್ರ ಕುಣಿಗಲ್ ತಾಲ್ಲೂಕಿನ ಅಂಚೆಪಾಳ್ಯದ ಕಾರ್ಖಾನೆಗೆ ಹೋಗುವುದಾದರೆ ಆ ಸಾಲು ಕಿತ್ತು, ಮನೆ ಹತ್ತಿರವೇ ಇದೆ ಎಂದು ಬರೆದರಾಯಿತು. ಎಲ್ಲ ಕಡೆಗೂ ಒಂದೇ ಪತ್ರ ಕಳಿಸುವವರು ಸಿಕ್ಕಿಬೀಳುವುದು ಇಂಥ ಕಡೆ. ಕಂಪನಿಯ ಹೆಸರು ಬದಲಿಸುತ್ತಾರೆ, ಒಳಗಿನ ಊರನ್ನು ಮರೆಯುತ್ತಾರೆ.

ಕೊನೆಗೆ ಪತ್ರ ಸುಮಾರು ನೂರೈವತ್ತು ಪದಕ್ಕೆ ನಿಂತಿತು. ಮೊಬೈಲಿನಲ್ಲಿ ಮೇಲ್ ತೆರೆದು ಹೆಚ್ಚು ಜಾರಿಸದೆ ಓದಿ ಮುಗಿಸಬಹುದು. ಫ್ರೆಶರ್‌ಗೆ ಇದು ಧಾರಾಳ. ಹತ್ತು ವರ್ಷ ಸರ್ವಿಸ್ ಆದವರಿಗೆ ಇನ್ನೊಂದು ಪ್ಯಾರಾ ಬಿಡಬಹುದು, ಎರಡನೆಯ ಪುಟವನ್ನು ಯಾರಿಗೂ ಬಿಡಲಾರೆ.

ಗುಬ್ಬಿ ತಾಲ್ಲೂಕಿನ ಓದುಗರಿಗೆ ಒಂದು ಮಾತು. ಬಿದರೆಹಳ್ಳ ಕಾವಲ್‌ನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾದಾಗಿನಿಂದ, ಅಲ್ಲಿಗೆ ಪತ್ರ ಹೇಗೆ ಬರೆಯುವುದು ಎಂದು ಕೇಳುವವರಿದ್ದಾರೆ. ಎಚ್‌ಎಎಲ್ ಸಾರ್ವಜನಿಕ ವಲಯದ ಸಂಸ್ಥೆ, ಅಧಿಸೂಚನೆ ಹೊರಡಿಸಿ ಅರ್ಜಿ ಕರೆದು ನೇಮಕ ಮಾಡಿಕೊಳ್ಳುತ್ತದೆ. ಅಲ್ಲಿಗೆ ಚಂದದ ಕವರ್ ಲೆಟರ್ ಹೊಸೆಯುತ್ತ ಕೂರಬೇಡಿ. ಅಧಿಸೂಚನೆಯ ಅರ್ಹತೆ, ವಯೋಮಿತಿ, ಕೊನೆಯ ದಿನಾಂಕ ನೋಡಿ ಅರ್ಜಿ ತುಂಬಿ.