ದಾರಿ ನೋಡಿ ಆಳನ್ನು ಅಳೆಯುವ ಕಾವಲು

ಸೋಮವಾರ ಬೆಳಿಗ್ಗೆ ಒಂಬತ್ತೂವರೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಯೊಂದರಲ್ಲಿ ಉದ್ಯೋಗಿಯೊಬ್ಬರು ಲ್ಯಾಪ್‌ಟಾಪ್ ತೆರೆದು ಎಂದಿನಂತೆ ಪಾಸ್‌ವರ್ಡ್ ಹಾಕುತ್ತಾರೆ ಎಂದುಕೊಳ್ಳೋಣ. ಪಾಸ್‌ವರ್ಡ್ ಸರಿಯಾಗಿಯೇ ಇದೆ. ಆದರೂ ಪರದೆಯ ಮೇಲೆ `Your account is blocked` ಎಂದು ಬರುತ್ತದೆ. ಅದರ ಕೆಳಗೆ, ಖಾತೆಯಲ್ಲಿ ಅನುಮಾನಾಸ್ಪದ ಚಟುವಟಿಕೆ ಕಂಡಿದೆ ಎಂಬ ಒಂದು ಸಾಲು. ಯಾವ ಚಟುವಟಿಕೆ, ಯಾವತ್ತು, ಎಲ್ಲಿಂದ ಎಂಬ ವಿವರವಿಲ್ಲ. ಹತ್ತು ಗಂಟೆಗೆ ಮೀಟಿಂಗ್ ಇದೆ, ಮೇಲ್ ತೆರೆಯುತ್ತಿಲ್ಲ.

ಕಾರಣ ಶನಿವಾರ ರಾತ್ರಿಯಲ್ಲಿದೆ. ಎಂಟು ಗಂಟೆ ಹತ್ತು ನಿಮಿಷಕ್ಕೆ ಅವರು ಮನೆಯ ವೈಫೈನಲ್ಲಿ ಫೋನಿನಿಂದ ಕಚೇರಿ ಮೇಲ್‌ಗೆ ಲಾಗಿನ್ ಆಗಿದ್ದರು. ಆಮೇಲೆ ಸ್ವಂತ ಲ್ಯಾಪ್‌ಟಾಪಿನಲ್ಲಿ ವಿಪಿಎನ್ ಹಾಕಿಕೊಂಡು, ಅದು ಸೂಚಿಸಿದ ಫ್ರಾಂಕ್‌ಫರ್ಟ್ ಸರ್ವರನ್ನು ಆರಿಸಿ, ಎಂಟು ಇಪ್ಪತ್ತೈದಕ್ಕೆ ಅದೇ ಮೇಲ್‌ಗೆ ಮತ್ತೆ ಲಾಗಿನ್ ಆದರು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ದೂರ ಸುಮಾರು 7,400 ಕಿಲೋಮೀಟರ್. ಅದನ್ನು ಹದಿನೈದು ನಿಮಿಷದಲ್ಲಿ ದಾಟಬೇಕಾದರೆ ಗಂಟೆಗೆ 29,600 ಕಿಲೋಮೀಟರ್ ವೇಗ ಬೇಕು. ಪ್ರಯಾಣಿಕರ ವಿಮಾನ ಹಾರುವುದು ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗದಲ್ಲಿ. ಹಾಗಾಗಿ ಎರಡರಲ್ಲಿ ಒಂದು ಲಾಗಿನ್ ಬೇರೆ ಯಾರದೋ ಇರಬೇಕೆಂದು ಯಂತ್ರ ಅನುಮಾನಿಸಿತು.

ಕಚೇರಿಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಮೈಕ್ರೋಸಾಫ್ಟ್‌ನ ಎಂಟ್ರಾ ಐಡಿ ವ್ಯವಸ್ಥೆಯಲ್ಲಿ ಈ ಪರೀಕ್ಷೆಯ ಹೆಸರು `Atypical travel`. ಇದು ಕುರುಡು ಲೆಕ್ಕವೇನಲ್ಲ. ಹೊಸ ಬಳಕೆದಾರರ ರೂಢಿ ಅರಿಯಲು ಹದಿನಾಲ್ಕು ದಿನ ಅಥವಾ ಹತ್ತು ಲಾಗಿನ್, ಯಾವುದು ಮೊದಲೋ ಅಲ್ಲಿಯವರೆಗೆ ಕಾಯುತ್ತದೆ. ಸಂಸ್ಥೆಯ ಇತರರು ಪದೇಪದೇ ಬಳಸುವ ಜಾಗ, ವಿಪಿಎನ್ ಎಂದು ಸ್ಪಷ್ಟವಾಗಿ ಗೊತ್ತಾಗುವ ವಿಳಾಸ ಇವುಗಳನ್ನು ಬದಿಗಿಡಲು ಯತ್ನಿಸುತ್ತದೆ. ಕಚೇರಿಯೇ ಕೊಟ್ಟ ವಿಪಿಎನ್‌ನಲ್ಲಿ ನೂರಾರು ಜನ ದಿನವೂ ಓಡಾಡುವುದರಿಂದ ಅದರ ದಾರಿ ಬೇಗ ಸವೆದು ಪರಿಚಿತವಾಗುತ್ತದೆ. ಒಬ್ಬರೇ ಒಂದು ರಾತ್ರಿ ಬಳಸಿದ ಖಾಸಗಿ ವಿಪಿಎನ್‌ಗೆ ಆ ಭಾಗ್ಯವಿಲ್ಲ. ಇನ್ನೂ ಒಂದು ಸಂಗತಿಯಿದೆ. ಈ ಲೆಕ್ಕ ಲಾಗಿನ್ ಆದ ಕ್ಷಣದಲ್ಲೇ ನಡೆಯುವುದಿಲ್ಲ, ಆಮೇಲೆ ನಡೆಯುತ್ತದೆ. ಫಲಿತಾಂಶ ಕಾಣಿಸಿಕೊಳ್ಳಲು 48 ಗಂಟೆಯವರೆಗೂ ಹಿಡಿಯಬಹುದು. ಶನಿವಾರದ ಕೆಲಸಕ್ಕೆ ಸೋಮವಾರ ಬಾಗಿಲು ಮುಚ್ಚುವುದು ಹೀಗೆ. ಉದ್ಯೋಗಿಗೆ ಎರಡರ ನಡುವಿನ ನಂಟು ಹೊಳೆಯದೇ ಇರುವುದೂ ಇದರಿಂದಲೇ.

ದೂರದ ಲೆಕ್ಕ ಇಡೀ ಪರೀಕ್ಷೆಯ ಒಂದು ಎಳೆ ಮಾತ್ರ. ಉಳಿದ ಎಳೆಗಳು ಹೇಗೆ ಸೇರುತ್ತವೆ ಎಂಬುದಕ್ಕೆ 2016ರಲ್ಲಿ ಲಿಂಕ್ಡ್‌ಇನ್‌ನ ತಂತ್ರಜ್ಞರೂ ವಿಶ್ವವಿದ್ಯಾಲಯಗಳ ಸಂಶೋಧಕರೂ ಸೇರಿ ಪ್ರಕಟಿಸಿದ ಪ್ರಬಂಧವೊಂದು ಒಳ್ಳೆಯ ಕೈದೀವಿಗೆ. ಅಲ್ಲಿನ ಲೆಕ್ಕದ ತಿರುಳು ಸರಳ. ಒಂದು ಐಪಿ ವಿಳಾಸವೋ ಬ್ರೌಸರೋ ಎಲ್ಲ ಬಳಕೆದಾರರಲ್ಲಿ ಎಷ್ಟು ಸಾಮಾನ್ಯ, ಈ ಒಬ್ಬ ಬಳಕೆದಾರರಲ್ಲಿ ಎಷ್ಟು ಸಾಮಾನ್ಯ ಎಂದು ಹೋಲಿಸುವುದು. ಇವರ ಹಳೆಯ ದಾಖಲೆಯಲ್ಲಿ ಅದು ವಿರಳವಾದಷ್ಟೂ ಅಪಾಯದ ಅಂಕ ಏರುತ್ತದೆ. ಆದರೆ ಐಪಿ ವಿಳಾಸ ಆಗಾಗ ತಾನಾಗಿಯೇ ಬದಲಾಗುತ್ತಿರುತ್ತದೆ. ಅದಕ್ಕೇ ವಿಳಾಸ ಹೊಸದಾದರೆ ಯಂತ್ರ ಒಂದು ಮೆಟ್ಟಿಲು ಹಿಂದೆ ಸರಿದು, ಇಂಟರ್ನೆಟ್ ಕಂಪನಿಯಾದರೂ ಹಳೆಯದೇ ಎಂದು ನೋಡುತ್ತದೆ. ಅದೂ ಹೊಸದಾದರೆ ಇನ್ನೊಂದು ಮೆಟ್ಟಿಲು ಸರಿದು, ದೇಶವಾದರೂ ಹಳೆಯದೇ ಎಂದು ನೋಡುತ್ತದೆ. ಮನೆಯ ರೂಟರ್ ಆರಿಸಿ ಹಾಕಿದಾಗ ವಿಳಾಸ ಬದಲಾದರೂ ಯಾರೂ ತಡೆಯದಿರುವುದು ಇದರಿಂದ. ಹೊರದೇಶದ ಸರ್ವರ್ ಆರಿಸಿದ ವಿಪಿಎನ್ ಮಾತ್ರ ಮೂರೂ ಮೆಟ್ಟಿಲನ್ನು ಒಟ್ಟಿಗೆ ಕಿತ್ತುಹಾಕುತ್ತದೆ. ವಿಳಾಸ ಹೊಸದು, ದೇಶ ಹೊಸದು, ಕಂಪನಿಯೂ ಹೊಸದು. ಸಾಲದ್ದಕ್ಕೆ ಆ ಕಂಪನಿ ಮನೆಗಳಿಗೆ ಇಂಟರ್ನೆಟ್ ಕೊಡುವಂಥದ್ದಲ್ಲ, ಸರ್ವರುಗಳನ್ನು ಬಾಡಿಗೆಗೆ ಕೊಡುವಂಥದ್ದು.

ಇಲ್ಲಿಯವರೆಗೆ ಯಂತ್ರದ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ತಪ್ಪು ಶುರುವಾಗುವುದು ಐಪಿ ವಿಳಾಸವನ್ನು ಊರು ಎಂದು ಓದುವಲ್ಲಿ. ಭಾರತದಲ್ಲೇ ಇದಕ್ಕೊಂದು ಕಣ್ಣಿಗೆ ಕಟ್ಟುವ ಉದಾಹರಣೆಯಿದೆ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನ, ವಿಪಿಎನ್ ಕಂಪನಿಗಳು ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದಿತು. ಅದಕ್ಕೆ ಒಪ್ಪದ ಎಕ್ಸ್‌ಪ್ರೆಸ್‌ವಿಪಿಎನ್ ಆ ಜೂನ್‌ನಲ್ಲಿ ತನ್ನ ಭಾರತದ ಸರ್ವರುಗಳನ್ನು ತೆಗೆದುಹಾಕಿತು. ಆದರೆ ಪಟ್ಟಿಯಲ್ಲಿ ‘ಭಾರತ’ ಉಳಿಯಿತು. ಭಾರತದ್ದೆಂದು ತೋರುವ ಐಪಿ ವಿಳಾಸಗಳನ್ನು ಸಿಂಗಪುರ ಮತ್ತು ಬ್ರಿಟನ್ನಿನಲ್ಲಿದ್ದ ಸರ್ವರುಗಳಿಂದ ಕೊಡತೊಡಗಿತು. ಲಾಗಿನ್ ದಾಖಲೆಯಲ್ಲಿ ಭಾರತ ಎಂದಿದ್ದರೆ ಸರ್ವರ್ ಲಂಡನ್ನಿನ ಆಸುಪಾಸಿನಲ್ಲಿರಬಹುದು, ಬಳಸುವವರು ದುಬೈನಲ್ಲಿರಬಹುದು. ದಾಖಲೆಯಲ್ಲಿ ಕಾಣುವ ಊರು, ಆ ವಿಳಾಸದ ಮುಂದೆ ಯಾವುದೋ ಪಟ್ಟಿಯಲ್ಲಿ ಬರೆದಿಟ್ಟ ಹೆಸರು ಅಷ್ಟೇ.

ಹಂಚಿಕೊಂಡ ಕಚೇರಿ ಜಾಲದ ಕಥೆ ಇದರ ತಿರುವುಮುರುವು. ವಿಪಿಎನ್‌ನಲ್ಲಿ ಒಬ್ಬರೇ ಎರಡು ಊರಿನಲ್ಲಿ ಕಾಣುತ್ತಾರೆ. ಇಲ್ಲಿ ನೂರಾರು ಜನ ಒಂದೇ ವಿಳಾಸದಲ್ಲಿ ಕಾಣುತ್ತಾರೆ. ಹಳೆಯ ಮಾದರಿಯ ಐಪಿ ವಿಳಾಸಗಳು ಜಗತ್ತಿಗೆಲ್ಲ ಸೇರಿ ಇರುವುದೇ ಸುಮಾರು 430 ಕೋಟಿ. ಹಾಗಾಗಿ ಒಂದು ಕಟ್ಟಡದ ಎಲ್ಲ ಲ್ಯಾಪ್‌ಟಾಪ್, ಫೋನುಗಳು ಹೊರಗೆ ಒಂದೋ ಎರಡೋ ವಿಳಾಸದ ಹಿಂದೆ ನಿಲ್ಲುತ್ತವೆ. ಕೋರಮಂಗಲದ ಕೋ-ವರ್ಕಿಂಗ್ ಕಟ್ಟಡವೊಂದನ್ನು ಊಹಿಸಿಕೊಳ್ಳಿ. ಮೂರನೇ ಮಹಡಿಯಲ್ಲಿ ಯಾರದೋ ಲ್ಯಾಪ್‌ಟಾಪಿಗೆ ದುಷ್ಟ ತಂತ್ರಾಂಶ ಹೊಕ್ಕಿದೆ. ಅದು ಒಂದೇ ಪಾಸ್‌ವರ್ಡನ್ನು ಸಾವಿರ ಜನರ ಖಾತೆಗಳ ಮೇಲೆ ಒಂದೊಂದಾಗಿ ಪ್ರಯೋಗಿಸುತ್ತಿದೆ. ಸೇವೆ ಕೊಡುವ ಕಂಪನಿಗೆ ಮೂರನೇ ಮಹಡಿ ಕಾಣುವುದಿಲ್ಲ, ವಿಳಾಸ ಮಾತ್ರ ಕಾಣುತ್ತದೆ. ವಿಳಾಸದ ಹೆಸರು ಕೆಟ್ಟಿತೆಂದರೆ ಐದನೇ ಮಹಡಿಯ ಬೇರೆ ಕಂಪನಿಯವರಿಗೂ ಬಾಗಿಲು ಮುಚ್ಚುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಆಗ ಪರದೆಯಲ್ಲಿ ಬರುವ ಸಂಕೇತ ಈ ವ್ಯವಸ್ಥೆಯ ದೊಡ್ಡ ಕೊರತೆಯನ್ನು ತಾನೇ ಹೇಳುತ್ತದೆ.

```
AADSTS50053
```

ಇದಕ್ಕೆ ಎರಡು ಅರ್ಥ. ತಪ್ಪು ಪಾಸ್‌ವರ್ಡನ್ನು ಹಲವು ಸಲ ಹಾಕಿದ್ದರಿಂದ ಖಾತೆಗೆ ಬೀಗ ಬಿದ್ದಿದೆ ಎಂಬುದು ಒಂದು. ದುಷ್ಕೃತ್ಯ ಕಂಡುಬಂದ ಐಪಿ ವಿಳಾಸದಿಂದ ಬಂದದ್ದರಿಂದ ಲಾಗಿನ್ ತಡೆಯಲಾಗಿದೆ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಬೀಗ ಬೇಗ ಬಿಡುತ್ತದೆ. ಸಾಮಾನ್ಯ ಹೊಂದಿಕೆಯಲ್ಲಿ ಹತ್ತು ತಪ್ಪು ಪ್ರಯತ್ನಕ್ಕೆ ಮೊದಲ ಬೀಗ 60 ಸೆಕೆಂಡಿನದು. ಎರಡನೆಯದರಲ್ಲಿ ಕಾದು ಕುಳಿತರೆ ಪ್ರಯೋಜನ ಕಡಿಮೆ, ಪಾಸ್‌ವರ್ಡ್ ಬದಲಿಸಿದರಂತೂ ಏನೂ ಆಗದು. ಬೇರೆ ಬೇರೆ ಮದ್ದು ಬೇಕಾದ ಎರಡು ರೋಗಕ್ಕೆ ಒಂದೇ ಹೆಸರಿಟ್ಟಿರುವುದರಿಂದ, ಹೆಲ್ಪ್‌ಡೆಸ್ಕಿನವರು ಅಭ್ಯಾಸಬಲದಿಂದ ಪಾಸ್‌ವರ್ಡ್ ರೀಸೆಟ್ ಮಾಡಿಸುತ್ತಾರೆ, ಬಾಗಿಲು ಮುಚ್ಚಿಯೇ ಇರುತ್ತದೆ.

ಇವೆರಡನ್ನೂ ಬೇರ್ಪಡಿಸುವ ಸುಲಭದ ಪರೀಕ್ಷೆ ಒಂದಿದೆ. ಕಚೇರಿಯ ವೈಫೈ ಬಿಟ್ಟು ಫೋನಿನ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಸೇರಿಸಿ, ಅದೇ ಪಾಸ್‌ವರ್ಡ್ ಹಾಕಿ ನೋಡುವುದು. ಒಳಗೆ ಬಿಟ್ಟರೆ ದೋಷ ವಿಳಾಸದ್ದು. ಅಲ್ಲೂ ತಡೆದರೆ ಗುರುತು ಬಿದ್ದಿರುವುದು ವ್ಯಕ್ತಿಯ ಖಾತೆಯ ಮೇಲೆ, ಶನಿವಾರದ ಪ್ರಸಂಗದಲ್ಲಿ ಆದ ಹಾಗೆ. ಕಚೇರಿಯ ನಿಯಮವೇ ಹೊರಗಿನ ಜಾಲವನ್ನು ಒಪ್ಪದಿದ್ದರೆ ಈ ಪರೀಕ್ಷೆ ನಡೆಯದು; ಆಗ ಸಂಕೇತ ಸಾಮಾನ್ಯವಾಗಿ 53003 ಎಂದು ಬೇರೆಯೇ ಬರುತ್ತದೆ.

ಇಷ್ಟೆಲ್ಲ ಕಾಟ ಕೊಡುವ ಪರೀಕ್ಷೆ ಕಳ್ಳನನ್ನಾದರೂ ಹಿಡಿಯುತ್ತದೆಯೇ? ಹಿಡಿಯುತ್ತದೆ, ಕಳ್ಳ ಅವಸರದವನಾಗಿದ್ದರೆ. ಕದ್ದ ಪಾಸ್‌ವರ್ಡುಗಳನ್ನು ಅಗ್ಗದ ಬಾಡಿಗೆ ಸರ್ವರಿನಿಂದ ರಾಶಿರಾಶಿಯಾಗಿ ಪ್ರಯೋಗಿಸುವವರು ಇಲ್ಲಿ ಸಿಕ್ಕಿಬೀಳುತ್ತಾರೆ, ಅಂಥವರ ಸಂಖ್ಯೆ ಸಣ್ಣದಲ್ಲ. ಆದರೆ ಪಳಗಿದವರು ಈ ಕಾವಲಿನ ಕಣ್ಣು ಎಲ್ಲಿದೆಯೆಂದು ಬಲ್ಲರು. 2024ರ ಜನವರಿ 19ರಂದು ಮೈಕ್ರೋಸಾಫ್ಟ್ ತನ್ನದೇ ಜಾಲಕ್ಕೆ ‘ಮಿಡ್‌ನೈಟ್ ಬ್ಲಿಜರ್ಡ್’ ಎಂಬ ರಷ್ಯಾ ಸರ್ಕಾರಿ ಬೆಂಬಲದ ಗುಂಪು ನುಗ್ಗಿದ್ದನ್ನು ಬಹಿರಂಗಪಡಿಸಿತು. 2023ರ ನವೆಂಬರ್ ಕೊನೆಯಲ್ಲಿ ಶುರುವಾದ ಆ ದಾಳಿಯ ಮೊದಲ ಹೆಜ್ಜೆ ಹಳೆಯ ಪರೀಕ್ಷಾ ಖಾತೆಯೊಂದರ ಪಾಸ್‌ವರ್ಡ್ ಊಹೆ. ಗುಂಪು ಕೆಲವೇ ಖಾತೆಗಳನ್ನು ಆರಿಸಿ, ಕಡಿಮೆ ಪ್ರಯತ್ನ ಮಾಡಿ, ಸಾಮಾನ್ಯ ಜನರ ಮನೆ ಇಂಟರ್ನೆಟ್ ವಿಳಾಸಗಳ ಮೂಲಕ ಹಾದುಬಂದಿತ್ತು. ಹಾಗೆ ಬಂದ ಲಾಗಿನ್ ಯಂತ್ರದ ಕಣ್ಣಿಗೆ ಮನೆಯಲ್ಲಿ ಕುಳಿತ ಗೃಹಸ್ಥನಂತೆ ಕಾಣುತ್ತದೆ. ಆ ಖಾತೆಗೆ ಎರಡನೇ ಪುರಾವೆ ಕೇಳುವ ವ್ಯವಸ್ಥೆಯೇ ಇರಲಿಲ್ಲ.

ಬರಬೇಕಾದ ತೀರ್ಪು ಇಲ್ಲಿದೆ. ಜಾಲದ ಸುಳಿವು ಪ್ರಶ್ನೆ ಕೇಳಲು ಸಾಕು, ಶಿಕ್ಷೆ ಕೊಡಲು ಸಾಲದು. ಮೈಕ್ರೋಸಾಫ್ಟ್‌ನ ಸ್ವಂತ ಶಿಫಾರಸೂ ಹೆಚ್ಚುಕಡಿಮೆ ಇದೇ. ಒಂದು ಲಾಗಿನ್‌ನ ಅಪಾಯ ಮಧ್ಯಮ ಅಥವಾ ಹೆಚ್ಚಾಗಿದ್ದರೆ ಫೋನಿನ ಆ್ಯಪ್‌ನಂಥ ಎರಡನೇ ಪುರಾವೆ ಕೇಳಿ. ಖಾತೆಯ ಅಪಾಯ ಹೆಚ್ಚಾಗಿದ್ದರೆ ಪಾಸ್‌ವರ್ಡ್ ಬದಲಿಸಲು ಹೇಳಿ. ಎರಡೂ ದಾರಿಯಲ್ಲಿ ನಿಜವಾದ ಉದ್ಯೋಗಿ ತಾನೇ ಹೊರಬರಬಹುದು. ಆದರೆ ಕಂಪನಿಯೊಂದು ಮಧ್ಯಮ ಅಪಾಯಕ್ಕೇ ನೇರವಾಗಿ ‘ತಡೆ’ ಎಂದು ಹೊಂದಿಸಿಟ್ಟರೆ ಆ ದಾರಿ ಮುಚ್ಚಿಹೋಗುತ್ತದೆ. ಎರಡನೇ ಪುರಾವೆಯನ್ನು ಮೊದಲೇ ನೋಂದಾಯಿಸದ ಉದ್ಯೋಗಿಗೂ ಅದೇ ಗತಿ, ಏಕೆಂದರೆ ಅನುಮಾನ ಬಂದ ಹೊತ್ತಿನಲ್ಲಿ ನೋಂದಣಿಗೆ ಅವಕಾಶವಿಲ್ಲ. ಹೊಸದಾಗಿ ಸೇರಿದವರು ಮೊದಲ ವಾರದಲ್ಲೇ ಸಿಕ್ಕಿಕೊಳ್ಳುವುದು ಈ ಸಂದಿಯಲ್ಲಿ.

ಕಚೇರಿಯ ಐಟಿಯವರು ಮಾಡಬಹುದಾದ ಕೆಲಸವೂ ಸ್ಪಷ್ಟವಾಗಿದೆ. ಕಚೇರಿಯಿಂದ ಹಾಗೂ ಕಚೇರಿ ವಿಪಿಎನ್‌ನಿಂದ ಹೊರಬೀಳುವ ಐಪಿ ವಿಳಾಸಗಳನ್ನು `Named locations` ಪಟ್ಟಿಯಲ್ಲಿ ನಂಬಿಕೆಯ ಜಾಗಗಳೆಂದು ಬರೆದಿಟ್ಟರೆ ಅಲ್ಲಿಂದ ಬರುವ ಲಾಗಿನ್‌ಗಳ ಅಪಾಯದ ಅಂಕ ಇಳಿಯುತ್ತದೆ. ಇಂಟರ್ನೆಟ್ ಕಂಪನಿ ಬದಲಿಸಿದ ದಿನ ಈ ಪಟ್ಟಿಯನ್ನೂ ತಿದ್ದಬೇಕು. ಅದನ್ನು ಮರೆತ ಮರುದಿನವೇ ದೂರುಗಳು ಸಾಲುಗಟ್ಟುತ್ತವೆ. ಕೋ-ವರ್ಕಿಂಗ್ ಕಟ್ಟಡದ ವಿಳಾಸವನ್ನು ಮಾತ್ರ ಹೀಗೆ ನಂಬಬಾರದು, ಅದು ನೆರೆಯವರದ್ದೂ ಹೌದು.

ಉದ್ಯೋಗಿಗೆ ಉಳಿಯುವುದು `mysignins.microsoft.com`. ಅಲ್ಲಿ ಇತ್ತೀಚಿನ ಪ್ರತಿ ಲಾಗಿನ್‌ನ ಸಮಯ, ಐಪಿ ವಿಳಾಸ, ಊರು, ಆ್ಯಪ್ ಪಟ್ಟಿಯಾಗಿ ಕಾಣುತ್ತವೆ. ಬಾಗಿಲು ತೆರೆದಿರುವಾಗಲೇ ಒಮ್ಮೆ ಇದನ್ನು ನೋಡಿಟ್ಟುಕೊಂಡರೆ ಒಳ್ಳೆಯದು, ಮುಚ್ಚಿದ ಮೇಲೆ ಈ ಪುಟವೂ ತೆರೆಯದಿರಬಹುದು. ನಮ್ಮ ಉದ್ಯೋಗಿ ಐಟಿಯವರಿಗೆ ಫೋನ್ ಮಾಡಿ, ಶನಿವಾರ ರಾತ್ರಿ 8:25ಕ್ಕೆ ಫ್ರಾಂಕ್‌ಫರ್ಟ್ ಸರ್ವರಿನ ವಿಪಿಎನ್‌ನಿಂದ ತಾವೇ ಲಾಗಿನ್ ಆಗಿದ್ದಾಗಿ ಹೇಳುತ್ತಾರೆ. ಐಟಿಯವರು ಅದನ್ನು ದಾಖಲೆಯ ಸಾಲಿನೊಂದಿಗೆ ತಾಳೆ ನೋಡಿ, ಕರೆ ಮಾಡಿದವರು ಅವರೇ ಎಂದು ಖಚಿತಪಡಿಸಿಕೊಂಡು, ಆ ಲಾಗಿನ್ ಸುರಕ್ಷಿತವೆಂದು ಗುರುತು ಹಾಕಿ ಖಾತೆಯ ಮೇಲಿನ ಅಪಾಯವನ್ನು ತೆಗೆಯುತ್ತಾರೆ. ಗಂಟೆ ಹತ್ತೂ ಕಾಲು. ಮೀಟಿಂಗ್ ಶುರುವಾಗಿ ಹದಿನೈದು ನಿಮಿಷವಾಗಿದೆ.