‘ಆವಾಜ್ ಬರವಲ್ದು’ ಅಂದರ ಯಾವ ಆವಾಜು?

ಹುಬ್ಬಳ್ಳಿಯ ಯಾವುದೇ ಮೊಬೈಲ್ ರಿಪೇರಿ ಅಂಗಡಿಯ ಕೌಂಟರಿನ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಫೋನಿನ ಅರ್ಧ ರೋಗಗಳ ಹೆಸರು ಕಿವಿಗೆ ಬೀಳುತ್ತವೆ. ಟಚ್ ಹತ್ತವಲ್ದು. ಚಾರ್ಜ್ ನಿಲ್ಲವಲ್ದು. ನೆಟ್ ಬರವಲ್ದು. ಆವಾಜ್ ಬರವಲ್ದು. ನಮ್ಮ ಕಡೆಯ ಈ ‘ವಲ್ದು’ ಬರೀ ‘ಇಲ್ಲ’ ಅಲ್ಲ ನೋಡ್ರಿ. ಅದರೊಳಗೆ ‘ಒಲ್ಲದು’ ಕೂತಿದೆ. ನಾ ಎಲ್ಲಾ ಮಾಡಿ ನೋಡೇನಿ, ಇದು ಒಲ್ಲೆ ಅಂತೈತಿ, ಅನ್ನುವ ಸಿಟ್ಟೂ ಸೋಲೂ ಎರಡೂ ಒಂದೇ ಶಬ್ದದಲ್ಲಿ ಬಂದುಬಿಡುತ್ತವೆ.

ಈಗ ಅದೇ ಮನುಷ್ಯ ಅಂಗಡಿಗೆ ಹೋಗುವ ಬದಲು ಯೂಟ್ಯೂಬಿನಲ್ಲಿ ಹುಡುಕುತ್ತಾನೆ ಅಂತಿಟ್ಟುಕೊಳ್ಳಿ. ಅವನ ಮುಂದೆ ಬರುವ ಕನ್ನಡ ತಲೆಬರಹಗಳು ಸಾಮಾನ್ಯವಾಗಿ ಎರಡು ಜಾತಿಯವು. ಒಂದು: ‘ಆಂಡ್ರಾಯ್ಡ್ ಫೋನಿನ ಧ್ವನಿ ಸಮಸ್ಯೆಗಳ ನಿವಾರಣೆ’. ಇನ್ನೊಂದು: ‘ಈ ಒಂದು ಸೆಟ್ಟಿಂಗ್ ಆನ್ ಮಾಡಿ, ಚಮತ್ಕಾರ ನೋಡಿ’. ಎರಡನೆಯದರ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಅದು ಜಾತ್ರೆಯ ಗುಡಾರದ ಕೂಗು, ಒಳಗೆ ಹೋದವನಿಗೇ ಗೊತ್ತು ಏನಿದೆ ಅಂತ. ಮೊದಲನೆಯದು ಮರ್ಯಾದಸ್ಥರ ತಪ್ಪು, ಹಾಗಾಗಿ ಅದನ್ನೇ ನೋಡಬೇಕು. ಅದನ್ನು ಬರೆದವರಿಗೆ ವಿಷಯ ಗೊತ್ತಿದೆ, ಪ್ರಾಮಾಣಿಕರೂ ಹೌದು. ಆದರೆ ‘ಧ್ವನಿ ಸಮಸ್ಯೆ’ ಅಂತ ಯಾರೂ ಗೋಳಾಡುವುದಿಲ್ಲ. ಅದು ಪಠ್ಯಪುಸ್ತಕದ ಅಧ್ಯಾಯದ ಹೆಸರು. ಸಿಕ್ಕಿಹಾಕಿಕೊಂಡವನ ಬಾಯಿಂದ ಬರುವುದು ಆವಾಜು, ಸೌಂಡು, ದನಿ, ಇಲ್ಲವೇ ಸುಮ್ಮನೆ ‘ಕೇಳವಲ್ದು’.

ಇದಕ್ಕೆ ಮದ್ದು ಅಂತ ಈಚೆಗೆ ಹಲವರು ಮಾತಿನ ಭಾಷೆಗೆ ಇಳಿದಿದ್ದಾರೆ. ‘ಫೋನ್ ಸೌಂಡ್ ಬರ್ತಿಲ್ವಾ? ಹೀಗೆ ಮಾಡಿ!’ ಅನ್ನುವ ತಲೆಬರಹ. ಇದು ಅರ್ಧ ದಾರಿ ಬಂದಿದೆ ಅಂತ ನನ್ನ ಅಭಿಪ್ರಾಯ. ಮಾತು ಜನರದ್ದೇ ಆಯಿತು, ಆದರೆ ಯಾವ ಸೌಂಡು ಅನ್ನುವುದು ಎಲ್ಲಿದೆ? ಯಾರೋ ಕರೆ ಮಾಡಿದರೂ ರಿಂಗ್ ಕೇಳುವುದಿಲ್ಲ ಅಂತಲೋ? ಕರೆ ಎತ್ತಿದ ಮೇಲೆ ಅವರ ಮಾತು ನನಗೆ ಕೇಳುವುದಿಲ್ಲ ಅಂತಲೋ? ನನ್ನ ಮಾತು ಅವರಿಗೆ ಕೇಳುವುದಿಲ್ಲ ಅಂತಲೋ? ವಿಡಿಯೊದ ಸೌಂಡ್ ಇಲ್ಲವೋ? ಎಲ್ಲಾ ಸರಿ ಇದ್ದು ವಾಟ್ಸಾಪ್ ಮೆಸೇಜ್ ಬಂದಾಗ ಮಾತ್ರ ಟಣ್ ಅನ್ನುವುದಿಲ್ಲವೋ? ಐದೂ ಬೇರೆ ಬೇರೆ ರೋಗ, ಐದಕ್ಕೂ ಬೇರೆ ಬೇರೆ ಮದ್ದು. ರಿಂಗ್ ಇಲ್ಲದ್ದಕ್ಕೆ ಸೈಲೆಂಟ್ ಅಥವಾ Do Not Disturb ನೋಡಬೇಕು. ಅವರ ಮಾತು ಕೇಳದಿದ್ದರೆ ಬ್ಲೂಟೂತ್ ನೋಡಬೇಕು, ಯಾಕಂದರೆ ಮೂಲೆಯಲ್ಲಿ ಬಿದ್ದಿರುವ ಇಯರ್‌ಫೋನಿಗೆ ಫೋನು ಜೋಡಿಕೊಂಡು ಅಲ್ಲಿ ಮಾತಾಡುತ್ತಿರಬಹುದು. ಅದಲ್ಲದಿದ್ದರೆ ಕಿವಿಗೆ ಇಡುವ ಜಾಲರಿಯ ಮೇಲೆ ಸ್ಕ್ರೀನ್ ಗಾರ್ಡ್ ಕೂತಿದೆಯೋ, ಧೂಳು ಕೂತಿದೆಯೋ ನೋಡಬೇಕು. ನನ್ನ ಮಾತು ಅವರಿಗೆ ಹೋಗದಿದ್ದರೆ ಇವು ಯಾವುವೂ ಅಲ್ಲ, ಅದು ಮೈಕಿನ ಕತೆ.

ಒಂದೇ ತಲೆಬರಹದಡಿ ಈ ಐದನ್ನೂ ತುಂಬಿದ ಹನ್ನೆರಡು ನಿಮಿಷದ ವಿಡಿಯೊದಲ್ಲಿ ನಮಗೆ ಬೇಕಾದದ್ದು ಹತ್ತನೇ ನಿಮಿಷಕ್ಕೆ ಬರುತ್ತದೆ. ಅಷ್ಟರಲ್ಲಿ ಕೈಯಲ್ಲಿದ್ದ ಫೋನಿನ ನಾಕು ಸೆಟ್ಟಿಂಗು ಸುಮ್ಮಸುಮ್ಮನೆ ಬದಲಾಗಿರುತ್ತವೆ.

ಮೂರನೆಯ ರೋಗವನ್ನೇ ಪೂರ್ತಿ ನೋಡೋಣ. ನಮ್ಮ ಕಾಕು ಧಾರವಾಡದ ಮಾಳಮಡ್ಡಿಯಲ್ಲಿದ್ದಾರೆ, ಮಗ ಪುಣೆಯಲ್ಲಿ. ‘ಅವ್ವಾ, ನೀ ಬಾವ್ಯಾಗ ನಿಂತು ಮಾತಾಡಿದಂಗ ಕೇಳತದ’ ಅಂತ ಮಗನ ದೂರು. ಕಾಕುಗೆ ಮಗನ ಮಾತು ಚೊಲೋ ಕೇಳುತ್ತಿತ್ತು. ಅವರು ಫೋನಿಗೆ ಬಾಯಿಂದಲೇ ಹೇಳಿ ಹುಡುಕಿದ್ದು ‘ಫೋನ್ ಸೌಂಡ್ ಬರ್ತಿಲ್ಲ’ ಅಂತ. ಸಿಕ್ಕ ವಿಡಿಯೊಗಳೆಲ್ಲ ವಾಲ್ಯೂಮ್ ಹೆಚ್ಚು ಮಾಡಲು ಹೇಳಿದವು. ಕಾಕು ಮಾಡಿದರು. ಮಗನ ದನಿ ಇನ್ನಷ್ಟು ಜೋರಾಯಿತು, ಕಾಕುವಿನದು ಬಾವಿಯಲ್ಲೇ ಉಳಿಯಿತು. ಯಾಕಂದರೆ ಪಕ್ಕದ ವಾಲ್ಯೂಮ್ ಬಟನ್ನು ನಮಗೆ ಕೇಳುವುದನ್ನು ಏರಿಸುತ್ತದೆಯೇ ಹೊರತು ನಾವು ಕಳಿಸುವುದನ್ನಲ್ಲ.

ಇಂಥ ರೋಗವನ್ನು ಪತ್ತೆ ಮಾಡುವ ದಾರಿ ಹೀಗಿದೆ. ಮೊದಲು ಸಾದಾ ಕರೆಯಲ್ಲೂ ವಾಟ್ಸಾಪ್ ಕರೆಯಲ್ಲೂ ಹೀಗೇ ಆಗುತ್ತದೋ ನೋಡಬೇಕು. ವಾಟ್ಸಾಪಿನಲ್ಲಿ ಮಾತ್ರ ಅಂದರೆ ಅನುಮತಿಯ ವಿಷಯ. Settings ಒಳಗೆ Apps, ಅಲ್ಲಿ WhatsApp, ಅಲ್ಲಿ Permissions, ಅಲ್ಲಿ Microphone. ಆಂಡ್ರಾಯ್ಡ್ 11ರಿಂದ ಈಚೆಗೆ ಒಂದು ಆ್ಯಪ್ ಅನುಮತಿ ಕೇಳಿದಾಗ ಎರಡು ಸಲ ಬೇಡ ಅಂತ ಒತ್ತಿದರೆ ಫೋನು ಆ ಪ್ರಶ್ನೆಯನ್ನು ಮತ್ತೆ ಕೇಳುವುದನ್ನೇ ಬಿಡುತ್ತದೆ. ಆಮೇಲೆ ಹೀಗೆ ಒಳಗೆ ಹೋಗಿಯೇ ಸರಿಮಾಡಬೇಕು. ಆಂಡ್ರಾಯ್ಡ್ 12ರಿಂದ ಮೇಲಿನವುಗಳಲ್ಲಿ ಇನ್ನೊಂದಿದೆ. ಮೇಲಿಂದ ಕೆಳಗೆ ಎಳೆದಾಗ ಬರುವ ಚೌಕಗಳಲ್ಲಿ Mic access ಅಂತ ಒಂದು ಇರಬಹುದು. ಅದು ಬಂದ್ ಇದ್ದರೆ ಒಂದು ಆ್ಯಪಿಗಲ್ಲ, ಎಲ್ಲಾ ಆ್ಯಪಿಗೂ ಮೈಕ್ ಬಂದ್.

ಕಾಕುಗೆ ಎರಡೂ ಬಗೆಯ ಕರೆಯಲ್ಲಿ ತೊಂದರೆ ಇತ್ತು, ಪೂರ್ತಿ ಬಂದ್ ಅಲ್ಲ, ಮಂದ. ಮಂದ ಅಂದಕೂಡಲೇ ಸೆಟ್ಟಿಂಗಿನ ಮೇಲಿನ ಅನುಮಾನ ಕಡಿಮೆಯಾಗುತ್ತದೆ. ಅನುಮತಿ ಇದ್ದರೆ ಇರುತ್ತದೆ, ಇಲ್ಲದಿದ್ದರೆ ಇಲ್ಲ, ಅರ್ಧ ಅನುಮತಿ ಅಂತ ಇಲ್ಲವಲ್ಲ. ಕರೆಯ ನಡುವೆ ಸ್ಪೀಕರ್ ಆನ್ ಮಾಡಲು ಹೇಳಿದೆವು. ಮಗನಿಗೆ ಸ್ಪಷ್ಟ ಕೇಳಿತು. ಇದೇ ಸುಳಿವು. ಬಹಳಷ್ಟು ಫೋನುಗಳಲ್ಲಿ ಒಂದಕ್ಕಿಂತ ಹೆಚ್ಚು ಮೈಕುಗಳಿರುತ್ತವೆ. ಕಿವಿಗೆ ಹಿಡಿದು ಮಾತಾಡುವಾಗ ಕೆಳಗಿನದು ಮುಖ್ಯ, ಸ್ಪೀಕರ್ ಹಾಕಿದಾಗ ಮೇಲಿನದನ್ನೂ ಫೋನು ಬಳಸಿಕೊಳ್ಳಬಹುದು. ಹಾಗಾದರೆ ಕೆಳಗಿನದೇ ಮುಚ್ಚಿಕೊಂಡಿರಬೇಕು. ಕವರ್ ತೆಗೆದು ವಾಯ್ಸ್ ರೆಕಾರ್ಡರಿನಲ್ಲಿ ನಾಕು ಮಾತು ರೆಕಾರ್ಡ್ ಮಾಡಿ, ಕವರ್ ಹಾಕಿ ಮತ್ತೆ ನಾಕು ಮಾತು ರೆಕಾರ್ಡ್ ಮಾಡಿ ಎರಡನ್ನೂ ಕೇಳಿಸಿಕೊಂಡರು. ಫರಕು ಅಲ್ಲೇ ಇತ್ತು. ಬೇರೆ ಮಾಡೆಲ್ಲಿನ ಕವರ್ ಅದು, ಅದರ ತೂತು ಒಂದು ಕಡೆ, ಚಾರ್ಜಿಂಗ್ ಜಾಗದ ಪಕ್ಕದ ಮೈಕಿನ ತೂತು ಇನ್ನೊಂದು ಕಡೆ.

ಕವರ್ ತೆಗೆದರೂ ಮಂದ ಇದ್ದಿದ್ದರೆ ಒಣಗಿದ ಮೆತ್ತಗಿನ ಬ್ರಷ್ಷಿನಿಂದ ಧೂಳು ಜಾಡಿಸಬೇಕಿತ್ತು. ಸೂಜಿ ಹಾಕಬಾರದು. ಸಿಮ್ ತೆಗೆಯುವ ಪಿನ್ನನ್ನಂತೂ ಹಾಕಲೇಬಾರದು. ಮೈಕಿನ ತೂತೂ ಸಿಮ್ ಟ್ರೇ ತೂತೂ ನೋಡಲಿಕ್ಕೆ ಅಣ್ಣತಮ್ಮಂದಿರು, ಒಳಗಿನ ಸೂಕ್ಷ್ಮ ಭಾಗಕ್ಕೆ ಚುಚ್ಚಿದರೆ ಮುಗೀತು. ಬ್ರಷ್ ಆಡಿಸಿದರೂ, ಫೋನು ರೀಸ್ಟಾರ್ಟ್ ಮಾಡಿದರೂ ರೆಕಾರ್ಡರಿನಲ್ಲಿ ದನಿ ಬರದಿದ್ದರೆ ಅದು ಅಂಗಡಿಯ ಕೆಲಸ. ಅಲ್ಲಿಗೆ ವಿಡಿಯೊ ನಿಲ್ಲಬೇಕು.

ಈ ವಿಡಿಯೊಗೆ ಏನು ಹೆಸರಿಡಬೇಕು? ತಿಳಿದವರು ‘ಮೈಕ್ರೊಫೋನ್ ಪರೀಕ್ಷಿಸುವ ವಿಧಾನ’ ಅಂತಲೋ ‘ಮೈಕ್ ಕ್ಲೀನ್ ಮಾಡುವುದು ಹೇಗೆ’ ಅಂತಲೋ ಇಡುತ್ತಾರೆ. ನನ್ನ ಮುಖ್ಯ ತಕರಾರು ಇಲ್ಲಿಯೇ. ಮೈಕು ಅನ್ನುವುದು ಉತ್ತರ, ಪ್ರಶ್ನೆ ಅಲ್ಲ. ಮೈಕಿನ ದೋಷ ಅಂತ ಗೊತ್ತಿದ್ದವನಿಗೆ ಅರ್ಧ ರೋಗ ಆಗಲೇ ವಾಸಿಯಾಗಿದೆ. ಕಾಕುಗೆ ಗೊತ್ತಿದ್ದದ್ದು ಒಂದೇ, ತನ್ನ ಮಾತು ಮಗನಿಗೆ ಕೇಳುತ್ತಿಲ್ಲ. ಆದ್ದರಿಂದ ನಾನಾದರೆ ಹೀಗೆ ಬರೆಯುತ್ತೇನೆ: ‘ಫೋನಲ್ಲಿ ನನ್ನ ಮಾತು ಅವರಿಗೆ ಕೇಳ್ತಿಲ್ಲ, ಅವರದು ನನಗೆ ಕೇಳುತ್ತೆ’. ಕನ್ನಡದ ‘ಗೆ’ ಇಲ್ಲಿ ಇಡೀ ಕೆಲಸ ಮಾಡುತ್ತದೆ. ನನಗೆ, ಅವರಿಗೆ, ಅಷ್ಟು ಬದಲಾದರೆ ರೋಗವೇ ಬದಲಾಗುತ್ತದೆ. ‘ಹೀಗೆ ಮಾಡಿ’ ಅನ್ನುವ ಬಾಲ ಬೇಡ, ಮಾಡುವುದಕ್ಕೇ ಬಂದಿರುತ್ತಾರೆ. ಯೂಟ್ಯೂಬ್ ತಲೆಬರಹಕ್ಕೆ 100 ಅಕ್ಷರದ ಮಿತಿ ಇಟ್ಟಿದೆ, ಫೋನಿನ ಪಟ್ಟಿಯಲ್ಲಿ ಅಷ್ಟೂ ಕಾಣುವುದಿಲ್ಲ. ಹಾಗಾಗಿ ಚಾನೆಲ್ಲಿನ ಹೆಸರು, ‘ಕನ್ನಡದಲ್ಲಿ’, ‘ಹೊಸ ಟ್ರಿಕ್’ ಇವೆಲ್ಲ ಮುಂದೆ ಕೂತರೆ ರೋಗದ ಹೆಸರು ಕತ್ತರಿಗೆ ಸಿಗುತ್ತದೆ.

‘ಕೇಳ್ತಿಲ್ಲ’ ಯಾಕೆ, ನಮ್ಮ ‘ಕೇಳವಲ್ದು’ ಯಾಕಲ್ಲ ಅಂತ ಊರಿನವರು ಜಗಳಕ್ಕೆ ಬರಬಹುದು. ನನಗೂ ಆಸೆಯಿದೆ. ಆದರೆ ಕಾಕುವಿನ ಬಾಯಲ್ಲಿ ದಿನವೆಲ್ಲ ‘ವಲ್ದು’ ಇದ್ದರೂ ಫೋನಿನ ಮುಂದೆ ಅವರು ‘ಬರ್ತಿಲ್ಲ’ ಅಂದರು ಅನ್ನುವುದನ್ನು ಗಮನಿಸಿ. 2017ರ ಆಗಸ್ಟಿನಲ್ಲಿ ಗೂಗಲ್ ಕನ್ನಡಕ್ಕೂ ಮಾತಿನ ಟೈಪಿಂಗ್ ತಂದಿತು. ಅದಕ್ಕೆ ತಿಳಿಯಲಿ ಅಂತ ಜನ ಬ್ಯಾಂಕಿನ ಮ್ಯಾನೇಜರ್ ಹತ್ತಿರ ಮಾತಾಡಿದಂತೆ ತುಸು ಶಿಷ್ಟವಾಗುತ್ತಾರೆ. ಟೈಪ್ ಮಾಡುವವರದು ಇನ್ನೊಂದು ಬಗೆ. ಅವರು ಇಂಗ್ಲಿಷ್ ಅಕ್ಷರದಲ್ಲಿ sound bartilla, sound barthilla, awaz baravaldu ಹೀಗೆ ಕೈಗೆ ಬಂದಂತೆ ಒತ್ತುತ್ತಾರೆ. ಇವನ್ನೆಲ್ಲ ತಲೆಬರಹಕ್ಕೆ ತುರುಕಿದರೆ ಅದು ಸಂತೆಯ ಚೀಲ. ತಲೆಬರಹದಲ್ಲಿ ಒಂದು ರೂಪ ಸಾಕು, ಕೆಳಗಿನ ವಿವರಣೆಯ ಮೊದಲ ಎರಡು ಸಾಲಿನಲ್ಲಿ ‘ಕೇಳವಲ್ದು’, ‘ಆವಾಜ್’, ಇಂಗ್ಲಿಷ್ ಅಕ್ಷರದ ಒಂದೆರಡು ರೂಪ ಬರಲಿ. ಯಾವ ರೂಪ ಅಂತ ಊಹಿಸಬೇಕಾಗಿಯೂ ಇಲ್ಲ. ಚಾನೆಲ್ ಇದ್ದವರಿಗೆ ಯೂಟ್ಯೂಬ್ ಸ್ಟುಡಿಯೊದಲ್ಲಿ, ಯಾವ ಪದ ಹುಡುಕಿ ಜನ ಈ ವಿಡಿಯೊಗೆ ಬಂದರು ಅನ್ನುವ ಪಟ್ಟಿ ಸಿಗುತ್ತದೆ. ಆ ಪಟ್ಟಿಯಲ್ಲಿ ಬಂದ ಪದ ವಿಡಿಯೊದಲ್ಲಿ ಒಂದು ಸಲವೂ ಆಡಿಲ್ಲದಿದ್ದರೆ, ಮುಂದಿನ ವಿಡಿಯೊದ ಹೆಸರು ಅದೇ.

ಮಾತಿನ ಭಾಷೆ ನಡೆಯದ ಜಾಗವೂ ಒಂದಿದೆ. ಫೋನು ತಾನೇ ಬಾಯಿ ಬಿಟ್ಟು ಏನಾದರೂ ಹೇಳಿದಾಗ ಜನ ತಮ್ಮ ಮಾತು ಬಿಟ್ಟು ಅದರ ಮಾತನ್ನೇ ಒತ್ತುತ್ತಾರೆ. ಪರದೆಯ ಮೇಲೆ Not registered on network ಅಂತ ಬಂದರೆ ಅದನ್ನೇ ಅಕ್ಷರಕ್ಷರ ನೋಡಿಕೊಂಡು ಟೈಪ್ ಮಾಡುತ್ತಾರೆ, ಅರ್ಥ ತಿಳಿಯದಿದ್ದರೂ. ಅಲ್ಲಿ ‘ನೆಟ್‌ವರ್ಕಿನಲ್ಲಿ ನೋಂದಣಿಯಾಗಿಲ್ಲ’ ಅನ್ನುವ ಅನುವಾದ ಯಾರಿಗೂ ಉಪಯೋಗವಿಲ್ಲ. ಇಂಗ್ಲಿಷಿನ ಆ ನಾಕು ಪದ ಹಾಗೇ ಇಟ್ಟು, ಪಕ್ಕದಲ್ಲಿ ‘ಅಂತ ಬರ್ತಿದೆ, ಕರೆ ಹೋಗ್ತಿಲ್ಲ’ ಅಂತ ಬರೆದರೆ, ಪರದೆ ನೋಡಿ ಹುಡುಕಿದವನೂ ಕರೆ ಹೋಗದ್ದಕ್ಕೆ ಹುಡುಕಿದವನೂ ಒಂದೇ ಬಾಗಿಲಿಗೆ ಬರುತ್ತಾರೆ.