ಕರಾರಿನಲ್ಲಿ ಇಲ್ಲದ್ದು ಇಂಗ್ಲಿಷಿನಲ್ಲಿ ಹೇಗೆ ಬಂತು?

ಬಾಡಿಗೆ ಕರಾರು ಪತ್ರವನ್ನು ಇಂಗ್ಲಿಷಿಗೆ ಮಾಡಿಸಬೇಕೆಂದರೆ ಬೆಳಗಾವಿಯಲ್ಲಿ ಹೆಚ್ಚಿನವರು ಕೋರ್ಟಿನ ಆಸುಪಾಸಿನ ಟೈಪಿಂಗ್ ಅಂಗಡಿಗೆ ಹೋಗುತ್ತಾರೆ. ಅಲ್ಲಿನ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಕರಾರಿನ ನಮೂನೆಯೊಂದು ಮೊದಲೇ ತಯಾರಿರುತ್ತದೆ. ಹೆಸರು, ವಿಳಾಸ, ಬಾಡಿಗೆ, ಡಿಪಾಜಿಟ್, ತಾರೀಖು ತುಂಬಿ ಪ್ರಿಂಟ್ ಕೊಟ್ಟರೆ ಕೆಲಸ ಮುಗಿಯಿತು. ನಾಲ್ಕೈದು ಪುಟದ ಆ ಕಾಗದ ನೋಡಲು ಮೂಲಕ್ಕಿಂತ ಚೆಂದ. ತೊಂದರೆ ಒಂದೇ: ಅದು ಅನುವಾದವಲ್ಲ, ಯಾರೂ ಸಹಿ ಮಾಡದ ಬೇರೊಂದು ಕರಾರು.

ಇಂಥ ಒಂದು ಜೋಡಿ ಕಾಗದ ನನ್ನ ಮುಂದಿದೆ. ಖಾನಾಪುರದ ಯುವಕನೊಬ್ಬ ಟಿಳಕವಾಡಿಯಲ್ಲಿ ಬಾಡಿಗೆಗಿದ್ದು, ಮುಂದೆ ಓದಲು ಬ್ರಿಟನ್ನಿಗೆ ಹೊರಟವನು. ವಿದ್ಯಾರ್ಥಿ ವೀಸಾಕ್ಕೆ ತೋರಿಸುವ ಹಣ ಖಾತೆಯಲ್ಲಿ ಸತತ 28 ದಿನ ಕದಲದೆ ಇರಬೇಕು. ಮಾಲಕರ ಕೈಯಲ್ಲಿರುವ ಡಿಪಾಜಿಟ್ ಅದಕ್ಕೆ ಲೆಕ್ಕವಿಲ್ಲ. ಅದು ಬ್ಯಾಂಕಿಗೆ ಬಂದ ಮೇಲೆ ಮಾತ್ರ ಲೆಕ್ಕ. ಬಂದಾಗ, ಈ ಹಣ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ತೋರಿಸಲು ಕರಾರಿನ ಅನುವಾದ ಬೇಕು. ಹೀಗಾಗಿ ಇಡೀ ಪತ್ರದಲ್ಲಿ ಅವನಿಗೆ ಮುಖ್ಯವಾದದ್ದು ಎರಡೇ ಕಲಮು: ಡಿಪಾಜಿಟ್ ಮತ್ತು ಮನೆ ಬಿಡುವ ಮುನ್ಸೂಚನೆ. ಅನುವಾದ ಕೆಟ್ಟಿರುವುದೂ ಸರಿಯಾಗಿ ಆ ಎರಡರಲ್ಲೇ.

ಮೂಲದ ಡಿಪಾಜಿಟ್ ಕಲಮು ಹೀಗಿದೆ: “ಮನೆ ಖಾಲಿ ಮಾಡುವಾಗ ಬಾಕಿ ಬಾಡಿಗೆ, ಲೈಟ್ ಬಿಲ್ಲು, ಸುಣ್ಣ-ಬಣ್ಣದ ಖರ್ಚು ಮುರಿದುಕೊಂಡು ಉಳಿದ ರಕಮನ್ನು ಬಿನ್‌ಬಡ್ಡಿ ಮರಳಿಸತಕ್ಕದ್ದು.” ಈ ಕಡೆಯವರಿಗೆ ‘ಮುರಿದುಕೊಳ್ಳುವುದು’ ಎಂದರೆ ಕಡಿತ ಮಾಡಿಕೊಳ್ಳುವುದು ಎಂದು ಬಿಡಿಸಿ ಹೇಳಬೇಕಿಲ್ಲ. ಇಂಗ್ಲಿಷ್ ಪ್ರತಿಯಲ್ಲಿ ಈ ವಾಕ್ಯದ ಜಾಗದಲ್ಲಿ ನಮೂನೆಯ ವಾಕ್ಯ ಕುಳಿತಿದೆ: ಡಿಪಾಜಿಟ್ ಪೂರ್ತಿ ಮರಳಿಸಲಾಗುವುದು, ಸಹಜ ಸವಕಳಿ ಬಿಟ್ಟು ಬೇರೆ ಹಾನಿಯಾಗಿದ್ದರೆ ಮಾತ್ರ ಕಡಿತ. ಬಾಡಿಗೆದಾರನಿಗೆ ಇದನ್ನು ಓದಿ ಖುಷಿಯಾಗಿರಬೇಕು. ಆದರೆ ಸುಣ್ಣ-ಬಣ್ಣದ ಖರ್ಚನ್ನು ಅವನೇ ಹೊರಬೇಕೆಂದು ಕನ್ನಡದಲ್ಲಿ ಬರೆದು ಅವನೇ ಸಹಿ ಮಾಡಿದ್ದಾನೆ. ಸವಕಳಿಯ ವಿನಾಯಿತಿ ಆ ಪತ್ರದಲ್ಲಿ ಎಲ್ಲಿಯೂ ಇಲ್ಲ.

ಪರಿಣಾಮ ಏನೆಂದು ಲೆಕ್ಕ ಹಾಕಿ ನೋಡಿ. ಡಿಪಾಜಿಟ್ 60,000 ರೂಪಾಯಿ, ಬಾಡಿಗೆ ತಿಂಗಳಿಗೆ 9,000. ಒಂದು ತಿಂಗಳ ಬಾಕಿ 9,000, ಲೈಟ್ ಬಿಲ್ಲು 1,200, ಬಣ್ಣಕ್ಕೆಂದು ಮಾಲಕರು ಹಿಡಿದದ್ದು 9,000. ಖಾತೆಗೆ ಜಮೆಯಾದದ್ದು 40,800. ವೀಸಾ ಅಧಿಕಾರಿ ಅನುವಾದ ಓದಿದರೆ ಅಲ್ಲಿ 60,000 ಪೂರ್ತಿ ವಾಪಸ್ ಎಂದಿದೆ, ಬ್ಯಾಂಕಿನ ಕಾಗದದಲ್ಲಿ 40,800. ಎರಡು ಕಾಗದ ಒಂದಕ್ಕೊಂದು ತಾಳೆಯಾಗುವುದಿಲ್ಲ. ಸಂಶಯ ನಿವಾರಿಸಲು ಕೊಟ್ಟ ಕಾಗದವೇ ಸಂಶಯಕ್ಕೆ ಕಾರಣ. ಇದ್ದದ್ದನ್ನು ಇದ್ದಂತೆ ಅನುವಾದಿಸಿದ್ದರೆ 19,200 ಏಕೆ ಕಡಿತವಾಯಿತು ಎಂಬುದು ಆ ಕಲಮಿನಲ್ಲೇ ಕಾಣುತ್ತಿತ್ತು.

ಆ ಕನ್ನಡ ವಾಕ್ಯದಲ್ಲಿ ಕೊರತೆ ಇಲ್ಲವೆಂದಲ್ಲ. ಮರಳಿಸಬೇಕಾದವರು ಯಾರೆಂದು ಅದು ಹೇಳುವುದೇ ಇಲ್ಲ. ಬಣ್ಣದ ಖರ್ಚಿಗೆ ಮಿತಿಯನ್ನೂ ಹಾಕಿಲ್ಲ. ಮೊದಲನೆಯದು ಸಂದರ್ಭದಿಂದ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಕರ್ತೃ ಬೇಕೆನಿಸಿದಲ್ಲಿ ‘ಮಾಲಕರು’ ಎಂದು ಚೌಕ ಕಂಸದಲ್ಲಿ ಹಾಕಿದರೆ, ಅದು ಅನುವಾದಕ ಸೇರಿಸಿದ್ದು ಎಂದು ಓದುವವರಿಗೆ ಗೊತ್ತಾಗುತ್ತದೆ. ಎರಡನೆಯದನ್ನು ಮುಟ್ಟಲೇಬಾರದು. ಮಿತಿ ಇಲ್ಲದ ಖರ್ಚು ಇಂಗ್ಲಿಷಿನಲ್ಲೂ ಮಿತಿ ಇಲ್ಲದೆಯೇ ಇರಲಿ. ಜಗಳಕ್ಕೆ ಆಸ್ಪದವಿರುವ ಪತ್ರಕ್ಕೆ ಅಷ್ಟೇ ಆಸ್ಪದವಿರುವ ಅನುವಾದವೇ ಒಳ್ಳೆಯ ಅನುವಾದ.

ಮುನ್ಸೂಚನೆಯ ಕಲಮಿನ ತಪ್ಪು ಇನ್ನೂ ದೊಡ್ಡದು. ಮೂಲದಲ್ಲಿ ಇರುವುದು: “ಉಭಯತರಲ್ಲಿ ಯಾರಿಗಾದರೂ ಮನೆ ಬಿಡುವ ಅಥವಾ ಬಿಡಿಸುವ ಪ್ರಸಂಗ ಬಂದಲ್ಲಿ ಎರಡು ತಿಂಗಳು ಮುಂಚಿತ ತಿಳಿಸತಕ್ಕದ್ದು.” ಬಿಡುವವನು ಬಾಡಿಗೆದಾರ, ಬಿಡಿಸುವವರು ಮಾಲಕರು, ಎರಡು ತಿಂಗಳ ಕಟ್ಟು ಇಬ್ಬರಿಗೂ ಸಮ. ಇಂಗ್ಲಿಷ್ ಪ್ರತಿಯಲ್ಲಿ ಬಾಡಿಗೆದಾರ ಎರಡು ತಿಂಗಳು ಮೊದಲು ಲಿಖಿತ ನೋಟಿಸ್ ಕೊಡಬೇಕು, ಮಾಲಕರದು ಒಂದೇ ತಿಂಗಳು! ‘ಲಿಖಿತ’ ಎಂಬುದು ಮೂಲದಲ್ಲಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಲ್ಲಿ ನೋಟಿಸ್ ಬರವಣಿಗೆಯಲ್ಲೇ ಇರಬೇಕೆಂದಿರುವುದು ನಿಜ. ಬೇರೆ ಕರಾರು ಇಲ್ಲದಿದ್ದಲ್ಲಿ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಎನ್ನುವುದೂ ಅದೇ ಕಲಮು. ಆ ಕಲಮು ಈ ಕರಾರಿಗೆ ಎಷ್ಟು ಅನ್ವಯಿಸುತ್ತದೆ ಎಂದು ವಾದಿಸುವುದು ವಕೀಲರ ಕೆಲಸ. ಅನುವಾದಕ ಅದನ್ನು ತಂದು ಪತ್ರದೊಳಗೆ ತುರುಕುವುದು ಸಲ್ಲದು.

ಹೊರಡುವವನಿಗೆ ಈ ಎರಡು ತಿಂಗಳು ಬರೀ ಔಪಚಾರಿಕವಲ್ಲ. ತಿಳಿಸಿದ ದಿನದಿಂದ ಎರಡು ತಿಂಗಳಿಗೆ ಮನೆ ಖಾಲಿ, ಆಗ ಡಿಪಾಜಿಟ್ ಕೈಗೆ, ಅಲ್ಲಿಂದ ಖಾತೆಯಲ್ಲಿ 28 ದಿನ. ಎಂದರೆ ವೀಸಾ ಅರ್ಜಿಗೆ ಹೆಚ್ಚುಕಡಿಮೆ ಮೂರು ತಿಂಗಳು ಮೊದಲೇ ಮಾಲಕರಿಗೆ ಹೇಳಿ, ಕಡೆಯ ತಿಂಗಳನ್ನು ಖಾನಾಪುರದ ಮನೆಯಲ್ಲಿ ಕಳೆಯಬೇಕಾಗುತ್ತದೆ.

ಮೊದಲ ಪುಟದ ಬಗ್ಗೆ ಒಂದು ಮಾತು. ಕರಾರಿನ ಒಡಲು ಕನ್ನಡವಾದರೂ ಇ-ಸ್ಟ್ಯಾಂಪ್ ಹಾಳೆಯ ಮೇಲ್ಭಾಗ ಇಂಗ್ಲಿಷಿನಲ್ಲೇ ಅಚ್ಚಾಗಿ ಬರುತ್ತದೆ. ಅಲ್ಲಿ ಅಂಗಡಿಯವರು ಟೈಪ್ ಮಾಡಿದ ಹೆಸರಿಗೂ ಪಾಸ್‌ಪೋರ್ಟಿನ ಹೆಸರಿಗೂ ಒಂದೆರಡು ಅಕ್ಷರ ವ್ಯತ್ಯಾಸವಿರುವುದು ಮಾಮೂಲು. ಅಚ್ಚಾದದ್ದನ್ನು ಹಾಗೆಯೇ ನಕಲು ಮಾಡಿ, ಪಾಸ್‌ಪೋರ್ಟಿನ ಕಾಗುಣಿತವನ್ನು ಅಡಿಟಿಪ್ಪಣಿಯಲ್ಲಿ ಕೊಡಬೇಕು. 2014ರ ನವೆಂಬರ್ 1ಕ್ಕಿಂತ ಹಿಂದಿನ ಕಾಗದದಲ್ಲಿ ಊರಿನ ಹೆಸರು ಹಳೆಯ ರೀತಿಯಲ್ಲಿದ್ದರೆ ಅದಕ್ಕೂ ಇದೇ ಕ್ರಮ. ಸಿ.ಟಿ.ಎಸ್. ನಂಬರ್, ಘರಪಟ್ಟಿಯಂಥವನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಅರ್ಥ ಬರೆದರೆ ಸಾಕು. ಹನ್ನೊಂದು ತಿಂಗಳ ಅವಧಿಯನ್ನು ‘ಒಂದು ವರ್ಷ’ ಮಾಡುವವರೂ ಇದ್ದಾರೆ. ವರ್ಷ ಮೀರಿದರೆ ನೋಂದಣಿ ಕಡ್ಡಾಯ ಎಂಬ ಕಾರಣಕ್ಕೇ ಹನ್ನೊಂದು ಎಂದು ಬರೆದಿರುತ್ತಾರೆ.

ಕೊನೆಯ ಪುಟದಲ್ಲಿ ನೋಟರಿಯ ಕೆಂಪು ಸೀಲಿದೆ. 1952ರ ನೋಟರಿ ಕಾಯ್ದೆ ಅನುವಾದ ಮಾಡುವ ಮತ್ತು ಅನುವಾದವನ್ನು ತಾಳೆ ನೋಡುವ ಅಧಿಕಾರವನ್ನು ನೋಟರಿಗೆ ಕೊಟ್ಟಿದೆ. ಇಲ್ಲಿ ಮೂಲವನ್ನು ಪಕ್ಕದಲ್ಲಿಟ್ಟು ಓದಿದ ಗುರುತೇ ಇಲ್ಲ. ಬ್ರಿಟನ್ನಿನವರು ಕೇಳುವುದಾದರೂ ಇದಕ್ಕಿಂತ ಸರಳ: ಅನುವಾದ ಮೂಲಕ್ಕೆ ನಿಷ್ಠವಾಗಿದೆ ಎಂಬ ಅನುವಾದಕರ ದೃಢೀಕರಣ, ತಾರೀಖು, ಪೂರ್ಣ ಹೆಸರು, ಸಹಿ, ಸಂಪರ್ಕದ ವಿವರ. ಈ ಪ್ರತಿಯಲ್ಲಿ ಸೀಲು ಢಾಳಾಗಿದೆ, ಅನುವಾದಕರು ಯಾರೆಂಬುದೇ ಇಲ್ಲ.

ಮೂಲದ ಕೊರತೆಗಳಿಗೆ ಉಪಾಯ ಬೇರೆ ಇದೆ. ಮನೆ ಬಿಡುವ ದಿನ ಮಾಲಕರಿಂದ ಅರ್ಧ ಪುಟದ ಒಂದು ಹಿಸಾಬು ಚೀಟಿ ಬರೆಸಿಕೊಳ್ಳುವುದು: ತಿಳಿಸಿದ ತಾರೀಖು, ಕೀಲಿ ಒಪ್ಪಿಸಿದ ತಾರೀಖು, ಯಾವುದಕ್ಕೆ ಎಷ್ಟು ಮುರಿದದ್ದು, ಯಾವ ಖಾತೆಗೆ ಎಷ್ಟು ಹಾಕಿದ್ದು, ಇಬ್ಬರ ಸಹಿ. ಅದನ್ನೂ ಅನುವಾದಿಸಿ ಕರಾರಿನ ಜೊತೆ ಲಗತ್ತಿಸಿದರೆ 40,800ರ ಲೆಕ್ಕ ನೇರವಾಗುತ್ತದೆ. ತಾನು ಹೊರಟ ಮೇಲೆ ಹಣ ಬರುವುದಿದ್ದರೆ ಇನ್ನೊಂದು ತೊಡಕು: ವಿದೇಶಕ್ಕೆ ನೆಲೆ ಬದಲಿಸಿದವರ ಇಲ್ಲಿನ ಉಳಿತಾಯ ಖಾತೆ ಎನ್.ಆರ್.ಒ. ಖಾತೆಯಾಗಬೇಕು. ಹಾಗಾಗಿ ಯಾವ ಖಾತೆ ಎಂಬುದನ್ನು ವಿಮಾನ ಹತ್ತುವ ಮೊದಲೇ ಆ ಚೀಟಿಯಲ್ಲಿ ಬರೆಸಬೇಕು.